ಜೆರಾಕ್ಸ್ ಮೇಲಿನ ಸಹಿ: ಸ್ವಯಂ ದೃಢೀಕರಣ ಎಂದರೇನು?

‘ಸ್ವಯಂ ದೃಢೀಕರಿಸಿದ ಪ್ರತಿ’ ಅಥವಾ ‘ಸೆಲ್ಫ್ ಅಟೆಸ್ಟೆಡ್ ಕಾಪಿ’ ಎಂದರೆ ಮೂಲ ದಾಖಲೆಯ ಜೆರಾಕ್ಸ್ ಮೇಲೆ ಅರ್ಜಿದಾರರೇ ‘ಇದು ಮೂಲದ ನೈಜ ನಕಲು’ ಎಂದು ಒಪ್ಪಿ ಸಹಿ ಹಾಕಿದ ಪ್ರತಿ. ಆ ಸಹಿ ಹೇಳುವುದು ಒಂದೇ ಮಾತು: ಮೂಲವನ್ನೂ ನಕಲನ್ನೂ ತಾಳೆ ನೋಡಲಾಗಿದೆ, ಎರಡರಲ್ಲೂ ಇರುವುದು ಒಂದೇ. ಮೂಲದಲ್ಲಿ ಬರೆದಿರುವುದೆಲ್ಲ ಸರಿ ಎಂದು ಆ ಸಹಿ ಹೇಳುವುದಿಲ್ಲ. ಈ ವ್ಯತ್ಯಾಸ ಸಣ್ಣದೆಂದು ಕಂಡರೂ ಅರ್ಜಿಗಳಲ್ಲಾಗುವ ಗೊಂದಲಕ್ಕೆ ಬಹುಮಟ್ಟಿಗೆ ಇದೇ ಮೂಲ.

ಹಿಂದೆ ಈ ಸಹಿಯನ್ನು ಹಾಕಬೇಕಾಗಿದ್ದವರು ಗೆಜೆಟೆಡ್ ಅಧಿಕಾರಿ, ಅಂದರೆ ಪತ್ರಾಂಕಿತ ಅಧಿಕಾರಿ. ಕೆಲಸಕ್ಕೋ ಕಾಲೇಜಿಗೋ ಅರ್ಜಿ ಹಾಕುವವರು ಜೆರಾಕ್ಸ್ ಕಟ್ಟು ಹಿಡಿದು ಸರ್ಕಾರಿ ವೈದ್ಯರ ಬಳಿಗೋ ತಾಲ್ಲೂಕು ಕಚೇರಿಗೋ ಅಲೆಯುತ್ತಿದ್ದರು. ಅಧಿಕಾರಿ ಹಸಿರು ಶಾಯಿಯಲ್ಲಿ ಸಹಿ ಹಾಕಿ ಮೊಹರು ಒತ್ತಿದರೆ ಕೆಲಸ ಮುಗಿಯಿತು. ಮೂಲವನ್ನು ತೆರೆದು ಸಾಲು ಸಾಲಾಗಿ ತಾಳೆ ನೋಡುವಷ್ಟು ಬಿಡುವು ಎಷ್ಟು ಅಧಿಕಾರಿಗಳಿಗೆ ಇತ್ತೆಂಬುದು ಬೇರೆ ಮಾತು. ಎಂ. ವೀರಪ್ಪ ಮೊಯ್ಲಿ ಅಧ್ಯಕ್ಷರಾಗಿದ್ದ ಎರಡನೆಯ ಆಡಳಿತ ಸುಧಾರಣಾ ಆಯೋಗ 2009ರಲ್ಲಿ ಸಲ್ಲಿಸಿದ 12ನೆಯ ವರದಿಯು ಜನರ ಸ್ವಯಂ ದೃಢೀಕರಣವನ್ನೇ ಒಪ್ಪಿಕೊಳ್ಳುವಂತೆ ಶಿಫಾರಸು ಮಾಡಿತು. ಕೇಂದ್ರದ ಆಡಳಿತ ಸುಧಾರಣಾ ಇಲಾಖೆ 2013ರಲ್ಲಿ ಸಚಿವಾಲಯಗಳಿಗೂ ರಾಜ್ಯಗಳಿಗೂ ಪತ್ರ ಬರೆದು ಈ ಪದ್ಧತಿಯನ್ನು ಜಾರಿಗೆ ತರಲು ಕೋರಿತು. ಅದರ ತಿರುಳು ಸರಳ. ಅರ್ಜಿಯ ಹಂತದಲ್ಲಿ ಜನರ ಸಹಿಯನ್ನು ನಂಬುವುದು, ಕೊನೆಯ ಹಂತದಲ್ಲಿ ಮೂಲ ದಾಖಲೆಯನ್ನು ಕಣ್ಣಾರೆ ನೋಡುವುದು. ಸಂದರ್ಶನಕ್ಕೋ ದಾಖಲಾತಿಗೋ ಕರೆದಾಗ ‘ಒರಿಜಿನಲ್ ತನ್ನಿ’ ಎನ್ನುವುದು ಇದಕ್ಕಾಗಿಯೇ.

ದೃಢೀಕರಿಸುವ ಕ್ರಮ ಒಂದು ಉದಾಹರಣೆಯಲ್ಲಿ ಸ್ಪಷ್ಟವಾಗುತ್ತದೆ. ಪದವಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಸರ್ಕಾರಿ ಹಾಸ್ಟೆಲಿಗೆ ಅರ್ಜಿ ಹಾಕುತ್ತಿದ್ದಾಳೆ ಎಂದುಕೊಳ್ಳೋಣ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಇವಿಷ್ಟನ್ನೂ ಲಗತ್ತಿಸಬೇಕು. ಮೊದಲ ಕೆಲಸ ಜೆರಾಕ್ಸನ್ನು ಮೂಲದಿಂದಲೇ ತೆಗೆಸುವುದು. ಮನೆಯಲ್ಲಿದ್ದ ಹಳೆಯ ಜೆರಾಕ್ಸಿನ ಜೆರಾಕ್ಸಿನಲ್ಲಿ ಮೊಹರು ಮಸಿಯ ಮುದ್ದೆಯಾಗಿ, 3 ಮತ್ತು 8 ಒಂದೇ ಥರ ಕಾಣುತ್ತವೆ. ಆಧಾರ್‌ನಂತೆ ಎರಡೂ ಬದಿಯಲ್ಲಿ ವಿವರವಿರುವ ದಾಖಲೆಗೆ ಎರಡೂ ಬದಿ ಬೇಕು. ವಿಳಾಸವಿರುವುದು ಹಿಂಬದಿಯಲ್ಲಿ, ಮರೆತುಹೋಗುವುದೂ ಅದೇ.

ಆಮೇಲೆ ತಾಳೆ. ಹೆಸರು, ರಿಜಿಸ್ಟರ್ ಸಂಖ್ಯೆ, ಹುಟ್ಟಿದ ದಿನಾಂಕ, ಜಾತಿ ಪ್ರಮಾಣಪತ್ರದಲ್ಲಿರುವ ಆರ್.ಡಿ. ಸಂಖ್ಯೆ, ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಇವು ನಕಲಿನಲ್ಲಿ ಓದಲು ಬರುತ್ತವೆಯೇ, ಅಂಚಿನಲ್ಲಿ ಯಾವುದಾದರೂ ಕತ್ತರಿಸಿಹೋಗಿದೆಯೇ ಎಂದು ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ನೋಡಬೇಕು. ಸಹಿಯ ಅರ್ಥವೇ ಇದಾದ್ದರಿಂದ ಇದನ್ನು ಬಿಟ್ಟು ಹಾಕಿದ ಸಹಿ ಬರೀ ಗೀಚು.

ಈಗ ಬರೆಯುವುದು. ಪುಟದ ಕೆಳಭಾಗದ ಖಾಲಿ ಜಾಗದಲ್ಲಿ ‘ಸ್ವಯಂ ದೃಢೀಕರಿಸಿದ ನೈಜ ನಕಲು’ ಎಂದು ಬರೆದು, ಅದರ ಕೆಳಗೆ ಸಹಿ, ಸಹಿಯ ಕೆಳಗೆ ಪೂರ್ಣ ಹೆಸರು ಮತ್ತು ದಿನಾಂಕ ಹಾಕಿದರೆ ಸಾಕು. ಅರ್ಜಿಯಲ್ಲೇ ಒಂದು ವಾಕ್ಯವನ್ನು ಸೂಚಿಸಿದ್ದರೆ ಅದನ್ನೇ ಬರೆಯಬೇಕು. ಇಲ್ಲದಿದ್ದರೆ ‘ಸೆಲ್ಫ್ ಅಟೆಸ್ಟೆಡ್’, ‘ಟ್ರೂ ಕಾಪಿ’ ಎಂದು ಬರೆಯುವುದೂ ರೂಢಿ. ಸಹಿ ಅರ್ಜಿಯ ಮೇಲಿರುವಂಥದ್ದೇ ಆಗಿರಬೇಕು. ಅರ್ಜಿಯಲ್ಲಿ ಕನ್ನಡ ಸಹಿ, ಜೆರಾಕ್ಸ್ ಮೇಲೆ ಇಂಗ್ಲಿಷ್ ಸಹಿ ಎಂದಾದರೆ ಗುಮಾಸ್ತರು ಅನುಮಾನಿಸುವುದು ಸಹಜ. ನೀಲಿ ಶಾಯಿ ಒಳ್ಳೆಯದು, ಏಕೆಂದರೆ ಕಪ್ಪು ಶಾಯಿಯ ಸಹಿ ಪೆನ್ನಿನದೋ ಜೆರಾಕ್ಸ್ ಯಂತ್ರದ್ದೋ ಎಂದು ಗುರುತಿಸುವುದು ಕಷ್ಟ. ಫೋಟೊ, ಸಂಖ್ಯೆ, ಕಚೇರಿಯ ಮೊಹರು ಇವುಗಳ ಮೇಲೆ ಸಹಿ ಹಾಯಬಾರದು. ದಾಖಲೆಯಲ್ಲಿ ನಾಲ್ಕು ಪುಟಗಳಿದ್ದರೆ ನಾಲ್ಕು ಪುಟಕ್ಕೂ ಸಹಿ ಬೇಕು.

ತಪ್ಪು ಹೆಚ್ಚಾಗಿ ಆಗುವುದು ಸಮಯ ಉಳಿಸಲು ಹೋದಾಗ. ಒಂದು ಪ್ರತಿಗೆ ಸಹಿ ಹಾಕಿ, ಅದನ್ನೇ ಹತ್ತು ಜೆರಾಕ್ಸ್ ಮಾಡಿಸಿಟ್ಟುಕೊಳ್ಳುವವರಿದ್ದಾರೆ. ಆ ಹತ್ತರಲ್ಲೂ ಸಹಿಯೇ ನಕಲಾಗಿರುವುದರಿಂದ ಅವು ದೃಢೀಕೃತ ಪ್ರತಿಗಳಲ್ಲ. ಇನ್ನೂ ಕೆಟ್ಟದ್ದು ಮೂಲ ಅಂಕಪಟ್ಟಿಯ ಮೇಲೆಯೇ ಸಹಿ ಹಾಕಿಬಿಡುವುದು. ಒಮ್ಮೆ ಹಾಗಾದರೆ ಅಳಿಸಲು ದಾರಿಯಿಲ್ಲ. ಆನ್‌ಲೈನ್ ಅರ್ಜಿಯಲ್ಲಿ ಸ್ವಯಂ ದೃಢೀಕೃತ ಪ್ರತಿಯನ್ನು ಕೇಳಿದ್ದರೆ ಜೆರಾಕ್ಸಿಗೆ ಸಹಿ ಹಾಕಿ ಸ್ಕ್ಯಾನ್ ಮಾಡಬೇಕು, ಮೂಲದ ಸ್ಕ್ಯಾನ್ ಕೇಳಿದ್ದರೆ ಸಹಿ ಬೇಡ.

ಈ ವಿದ್ಯಾರ್ಥಿನಿಯ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇದ್ದು, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು ಸೇರಿದೆ ಎನ್ನೋಣ. ಎರಡೂ ಜೆರಾಕ್ಸಿಗೆ ಸಹಿ ಹಾಕಿದರೂ ಆ ಹೆಸರುಗಳು ಒಬ್ಬಳದೇ ಎಂದು ಸಾಬೀತಾಗುವುದಿಲ್ಲ. ಅದಕ್ಕೆ ದಾಖಲೆಯ ತಿದ್ದುಪಡಿ ಬೇಕು. ಕಚೇರಿ ಒಪ್ಪಿದರೆ ನೋಟರಿ ಮುಂದೆ ಮಾಡಿಸಿದ ಅಫಿಡವಿಟ್ ಸಾಕಾಗಬಹುದು. ತಂದೆಯ ಹೆಸರಿನ ದಾಖಲೆಯನ್ನು ಲಗತ್ತಿಸುವಾಗ ಅದಕ್ಕೆ ತಂದೆಯೇ ಸಹಿ ಹಾಕುವುದು ಲೇಸು. ಚಿಕ್ಕ ಮಕ್ಕಳ ದಾಖಲೆಗೆ ತಂದೆ, ತಾಯಿ ಅಥವಾ ಪೋಷಕರು ಸಹಿ ಹಾಕಿ, ಮಗುವಿಗೆ ತಾವೇನಾಗಬೇಕೆಂದು ಬರೆಯುತ್ತಾರೆ.

ಸಹಿ ಹಾಕಿದ ಜೆರಾಕ್ಸ್ ಬೇರೆಯವರ ಕೈಗೆ ಸಿಕ್ಕರೆ ಇನ್ನೆಲ್ಲೋ ಸಿಮ್ ಪಡೆಯಲು ಬಳಕೆಯಾದೀತೆಂಬ ಭಯವೂ ಉಂಟು. ‘ಹಾಸ್ಟೆಲ್ ಅರ್ಜಿಗೆ ಮಾತ್ರ’ ಎಂದು ಉದ್ದೇಶವನ್ನೂ ದಿನಾಂಕವನ್ನೂ ಬರೆದರೆ ಅಂಥ ಬಳಕೆ ಕಷ್ಟವಾಗುತ್ತದೆ. ಆಧಾರ್‌ನ ಪೂರ್ಣ ಸಂಖ್ಯೆ ಬೇಕಿಲ್ಲದ ಕಡೆ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಬಹುದು.

ಸ್ವಂತ ಸಹಿಯ ಬಲಕ್ಕೂ ಮಿತಿಯಿದೆ. ಬ್ಯಾಂಕಿನಲ್ಲಿ ಗ್ರಾಹಕರ ಸಹಿಯ ಜೊತೆಗೆ ಸಿಬ್ಬಂದಿಯೂ ಮೂಲವನ್ನು ನೋಡಿ, ‘ಮೂಲ ಪ್ರತಿ ಪರಿಶೀಲಿಸಿದೆ’ ಎಂಬ ಮೊಹರು ಒತ್ತುತ್ತಾರೆ. ‘ದೃಢೀಕೃತ ನಕಲು’ ಎಂದು ನ್ಯಾಯಾಲಯ ಕೇಳಿದರೆ ಅದು ಬೇರೆಯೇ ವಸ್ತು: ಅಧಿಕೃತ ಕಡತವನ್ನು ಇಟ್ಟುಕೊಂಡಿರುವ ಕಚೇರಿಯೇ, ಉದಾಹರಣೆಗೆ ಕ್ರಯಪತ್ರಕ್ಕೆ ಉಪ ನೋಂದಣಾಧಿಕಾರಿ ಕಚೇರಿ, ಶುಲ್ಕ ಪಡೆದು ಕೊಡುವ ಪ್ರತಿ. ವಿದೇಶಕ್ಕೆ ಹೋಗುವವರ ಪದವಿಪತ್ರಕ್ಕೆ ಆ ದೇಶ ಕೇಳಿದಂತೆ ವಿದೇಶಾಂಗ ಸಚಿವಾಲಯದ ಅಪಾಸ್ಟೀಲ್ ಅಥವಾ ರಾಯಭಾರ ಕಚೇರಿಯ ದೃಢೀಕರಣ ಬೇಕಾಗುತ್ತದೆ.

ಅಂಕ ತಿದ್ದಿದ ಜೆರಾಕ್ಸಿಗೆ ‘ನೈಜ ನಕಲು’ ಎಂದು ಸಹಿ ಹಾಕಿದವರು ಮೂಲ ಪರಿಶೀಲನೆಯ ದಿನ ಸಿಕ್ಕಿಬೀಳುತ್ತಾರೆ. ಅರ್ಜಿ ತಿರಸ್ಕಾರವಾಗುವುದಷ್ಟೇ ಅಲ್ಲ, ಸಿಕ್ಕಿದ ಸೀಟು, ನೌಕರಿಯೂ ಹೋಗಬಹುದು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 336ನೇ ಕಲಂ ಖೊಟ್ಟಿ ದಾಖಲೆ ಸೃಷ್ಟಿಗೂ, 340ನೇ ಕಲಂ ಅದನ್ನು ಅಸಲಿಯೆಂದು ಬಳಸುವುದಕ್ಕೂ ಸಂಬಂಧಿಸಿವೆ. ಹಿಂದಿನ ಕಾಲದಲ್ಲಾಗಿದ್ದರೆ ಮೊಹರು ಒತ್ತಿದ ಅಧಿಕಾರಿಯನ್ನೂ ಕರೆದು ಕೇಳಬಹುದಿತ್ತು. ಸ್ವಯಂ ದೃಢೀಕರಣದಲ್ಲಿ ಪುಟದ ಮೇಲಿರುವುದು ಅರ್ಜಿದಾರರ ಸಹಿಯೊಂದೇ.