ಎರಡನೇ ಆಫರ್‌ಗೆ ‘ಬೇಡ’ ಎನ್ನುವ ಬಗೆ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ನೋಟಿಸ್ ಅವಧಿ ಹಲವೆಡೆ 60ರಿಂದ 90 ದಿನ. ಆ ನಡುವೆ ಎರಡು ಆಫರ್ ಕೈಗೆ ಬರುವುದುಂಟು. ಒಂದನ್ನು ಒಪ್ಪಿದ ಮೇಲೆ ಇನ್ನೊಂದು ಕಂಪನಿಯ ಫೋನ್ ಎತ್ತದೆ ಸುಮ್ಮನಾಗುವವರಿದ್ದಾರೆ. ಆಯ್ಕೆಪಟ್ಟಿಯ ಎರಡನೇ ಅಭ್ಯರ್ಥಿಗೆ ಇದರಿಂದ ನಿಜವಾದ ನಷ್ಟ: ಹುದ್ದೆ ಖಾಲಿಯೆಂದು ಗೊತ್ತಾಗುವಷ್ಟರಲ್ಲಿ ಅವರು ಬೇರೆಡೆ ಸೇರಿರುತ್ತಾರೆ.

ಸೋಮವಾರ ಒಂದು ಆಫರ್ ಒಪ್ಪಿದ ಟೆಸ್ಟಿಂಗ್ ಇಂಜಿನಿಯರ್ ಒಬ್ಬಳಿಗೆ ಇನ್ನೊಂದು ಕಂಪನಿ ಶುಕ್ರವಾರದ ಗಡುವು ಕೊಟ್ಟಿದೆ ಎನ್ನೋಣ. ಗಡುವಿನವರೆಗೆ ಕಾಯುವ ಅಗತ್ಯವಿಲ್ಲ. ಒಪ್ಪಿದ ಕಂಪನಿಯ ನೇಮಕದ ಪತ್ರ ಲಿಖಿತವಾಗಿ ಕೈಸೇರಿದ ದಿನವೇ ಎಚ್‌ಆರ್‌ಗೆ ಫೋನ್ ಮಾಡಬೇಕು. ಆಮೇಲೆ, ಆಫರ್ ಬಂದ ಇಮೇಲ್‌ಗೇ ಉತ್ತರಿಸಬೇಕು:

“ನಮಸ್ಕಾರ ಮೇಡಂ, ಈ ಹುದ್ದೆಗೆ ನನ್ನನ್ನು ಆರಿಸಿದ್ದಕ್ಕೆ ಧನ್ಯವಾದ. ನಾನು ಬೇರೊಂದು ಆಫರ್ ಒಪ್ಪಿಕೊಂಡಿದ್ದೇನೆ, ಹಾಗಾಗಿ ನಿಮ್ಮಲ್ಲಿ ಸೇರಲಾಗುತ್ತಿಲ್ಲ. ನೀವು ಕೊಟ್ಟ ಸಮಯಕ್ಕೆ ಋಣಿ.”

ಇಷ್ಟು ಸಾಕು. ಹೊಸ ಕಂಪನಿಯ ಹೆಸರು, ಸಂಬಳ ಹೇಳಬೇಕಿಲ್ಲ. ಮನೆಯ ತೊಂದರೆಯೆಂದು ಸುಳ್ಳಂತೂ ಬೇಡ, ಲಿಂಕ್ಡ್‌ಇನ್‌ನಲ್ಲಿ ಅದು ಬೇಗ ಬಯಲಾಗುತ್ತದೆ.

ಕಷ್ಟದ ಘಳಿಗೆ ಫೋನಿನಲ್ಲೇ ಬರುತ್ತದೆ. “ಸಂಬಳ ಹೆಚ್ಚಿಸಿದರೆ ಬರ್ತೀರಾ?” ಎಂಬ ಪ್ರಶ್ನೆಗೆ “ನೋಡ್ತೀನಿ” ಎಂದರೆ ಅವರು ಮತ್ತೆ ಮೇಲಿನವರ ಅನುಮತಿ ಕೇಳಲು ಓಡಾಡುತ್ತಾರೆ. “ಮಾತು ಕೊಟ್ಟಾಗಿದೆ ಮೇಡಂ, ಬದಲಿಸಲ್ಲ” ಎನ್ನುವುದೇ ಅವರಿಗೆ ಮಾಡುವ ಉಪಕಾರ. ಸಂದರ್ಶನ ಮಾಡಿದ ಮ್ಯಾನೇಜರ್‌ಗೂ ಪ್ರತ್ಯೇಕವಾಗಿ ಎರಡು ಸಾಲು ಬರೆಯಬೇಕು. ಮ್ಯಾನೇಜರ್‌ಗಳೂ ಕಂಪನಿ ಬದಲಿಸುತ್ತಾರೆ, ಮುಂದಿನ ಸಂದರ್ಶನದಲ್ಲಿ ಅವರೇ ಎದುರು ಕೂತಿರಬಹುದು.