ಎರಡು ನಿಮಿಷದಲ್ಲಿ ಒಂದು ಹುಣ್ಣಿಮೆ ರಾತ್ರಿ

ಹುಟ್ಟು, ಜ್ಞಾನೋದಯ, ಪರಿನಿರ್ವಾಣ ಮೂರೂ ವೈಶಾಖದ ಹುಣ್ಣಿಮೆಯಂದೇ ಆದವೆಂದು ಥೇರವಾದ ಪರಂಪರೆ ನಂಬುತ್ತದೆ. ಬುದ್ಧ ಪೂರ್ಣಿಮೆಗೆ ಕಿರು ವಿಡಿಯೊ ಮಾಡುವವರು ಆ ಮೂರನ್ನೂ ಎರಡು ನಿಮಿಷಕ್ಕೆ ತುರುಕಿದರೆ ಯಾವುದೂ ಮನಸ್ಸಿಗೆ ಇಳಿಯುವುದಿಲ್ಲ. ಬೋಧಗಯೆಯ ಆ ಒಂದು ರಾತ್ರಿಯೇ ಸಾಕು.

ಪಾಲಿ ಕಥೆಯಲ್ಲಿ ಆ ರಾತ್ರಿಗೆ ಸ್ಪಷ್ಟವಾದ ಕ್ರಮವಿದೆ. ಸಂಜೆ ಹುಲ್ಲು ಹೊತ್ತು ಬರುತ್ತಿದ್ದ ಸೊತ್ಥಿಯ ಎಂಟು ಹಿಡಿ ಹುಲ್ಲು ಕೊಡುತ್ತಾನೆ. ಸಿದ್ಧಾರ್ಥ ಅದನ್ನು ಅರಳಿಮರದ ಬುಡದಲ್ಲಿ ಹಾಸಿ, ಪೂರ್ವಕ್ಕೆ ಮುಖಮಾಡಿ ಕೂರುತ್ತಾನೆ. ಮೊದಲ ಜಾವದಲ್ಲಿ ತನ್ನ ಹಿಂದಿನ ಜನ್ಮಗಳು ತಿಳಿಯುತ್ತವೆ. ನಡುಜಾವದಲ್ಲಿ ಜೀವಿಗಳು ತಮ್ಮ ಕರ್ಮದಂತೆ ಸತ್ತು ಹುಟ್ಟುವುದು ಕಾಣುತ್ತದೆ. ಕೊನೆಯ ಜಾವದಲ್ಲಿ ದುಃಖ, ಅದರ ಮೂಲ, ಅದರ ಅಂತ್ಯ, ಅಂತ್ಯದ ದಾರಿ ತಿಳಿದು ಬಿಡುಗಡೆಯಾಗುತ್ತದೆ. ಸಂಜೆಗೆ 20 ಸೆಕೆಂಡು, ಜಾವಕ್ಕೆ 30ರಂತೆ ಮೂರು, ಬೆಳಗಿಗೆ 10 ಕೊಟ್ಟರೆ ಎರಡು ನಿಮಿಷ ತುಂಬಿತು. ಮಾರನ ಸೇನೆಯನ್ನು ನಾನಂತೂ ತರುವುದಿಲ್ಲ. ಆ ಗದ್ದಲ ಬಂದರೆ ಉಳಿದದ್ದೆಲ್ಲ ಅದರಡಿ ಮುಚ್ಚಿಹೋಗುತ್ತದೆ.

ಹೊತ್ತು ಸರಿಯುವುದನ್ನು ಮಾತಿನಲ್ಲಿ ಹೇಳಬೇಕಿಲ್ಲ, ಚಂದ್ರನೇ ತೋರಿಸುತ್ತಾನೆ. ಹುಣ್ಣಿಮೆ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದಲ್ಲಿ, ಅಂದರೆ ಕುಳಿತವನ ಎದುರಿಗೇ, ಮೂಡುತ್ತಾನೆ. ನಡುರಾತ್ರಿ ಅವನ ಬಲಕ್ಕೆ, ದಕ್ಷಿಣದ ಆಕಾಶದಲ್ಲಿರುತ್ತಾನೆ. ನಸುಕಿಗೆ ಬೆನ್ನ ಹಿಂದೆ ಪಶ್ಚಿಮಕ್ಕೆ ಇಳಿಯುತ್ತಾನೆ. ಎಷ್ಟೋ ವಿಡಿಯೊಗಳಲ್ಲಿ ಬೆಳಗಿನ ಸೂರ್ಯನ ಪಕ್ಕದಲ್ಲೇ ಪೂರ್ಣಚಂದ್ರ ನಿಂತಿರುತ್ತಾನೆ. ಆಕಾಶ ನೋಡಿ ಬೆಳೆದವರಿಗೆ ಅದು ಕೂಡಲೇ ಕಣ್ಣಿಗೆ ಚುಚ್ಚುತ್ತದೆ.

ಬುದ್ಧನ ಮುಖ ಬರೆಯಲು ಕೈ ಪಳಗಿಲ್ಲವೆಂದು ಹಿಂಜರಿಯುವವರು ಕಲಬುರಗಿ ಜಿಲ್ಲೆಯ ಭೀಮಾ ತೀರದಲ್ಲಿರುವ, ಸನ್ನತಿ ಬಳಿಯ ಕನಗನಹಳ್ಳಿಯ ಸ್ತೂಪದ ಶಿಲಾಫಲಕಗಳನ್ನು ನೋಡಬೇಕು. ಸಾಂಚಿಯ ಹಳೆಯ ಶಿಲ್ಪಗಳಂತೆ ಅಲ್ಲೂ ಬೋಧಿವೃಕ್ಷ, ಬರಿದಾದ ಆಸನ, ಪಾದದ ಗುರುತುಗಳೇ ಬುದ್ಧನ ಇರವನ್ನು ಹೇಳುತ್ತವೆ. ಹಾಗೆಯೇ ನಮಗೂ ಒಂದು ಮರ, ಹುಲ್ಲಿನ ಹಾಸು, ಚಂದ್ರ ಸಾಕು. ಮರ ಮಾತ್ರ ಅರಳಿಯೇ ಆಗಿರಲಿ. ಬಿಳಲು ಇಳಿಬಿಟ್ಟ ಆಲದ ಚಿತ್ರವನ್ನು ಬೋಧಿವೃಕ್ಷವೆಂದು ತೋರಿಸುವುದುಂಟು. ಅರಳಿಯ ಎಲೆಗೆ ಉದ್ದನೆಯ ಚೂಪು ತುದಿಯಿದ್ದು, ತುಸು ಗಾಳಿಗೂ ಅದು ನಡುಗುತ್ತದೆ. ಪರದೆಯ ಮೇಲೆ ಆ ಅಲುಗಾಟವೊಂದೇ ಚಲನೆಯಾಗಿದ್ದರೂ ಸಾಲುತ್ತದೆ.

ಇನ್ನು ನಿರೂಪಣೆ. ನಮ್ಮ ಪದಗಳು ಉದ್ದ, ಆದ್ದರಿಂದ ಎರಡು ನಿಮಿಷಕ್ಕೆ 150 ಪದ ದಾಟದಿದ್ದರೆ ಒಳ್ಳೆಯದು. ಒಂದೊಂದು ಜಾವ ಮುಗಿದಾಗಲೂ ನಾಲ್ಕೈದು ಸೆಕೆಂಡು ಸುಮ್ಮನಿರಬೇಕು. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ. ವಾಕ್ಯದ ನಡುವೆ ಉಸಿರು ಎಳೆದುಕೊಳ್ಳಬೇಕಾಗಿ ಬಂದರೆ ಆ ವಾಕ್ಯವನ್ನು ಎರಡಾಗಿ ಒಡೆಯಿರಿ. ಕೊನೆಗೆ ಮೊಬೈಲ್ ಸ್ಪೀಕರಿನಲ್ಲಿ ಸಣ್ಣ ದನಿಗೆ ಇಟ್ಟು ಕೇಳಿ. ಸಂಗೀತದಡಿ ಒಂದು ಪದ ಕಳೆದುಹೋದರೂ, ತಗ್ಗಿಸಬೇಕಾದ್ದು ಸಂಗೀತವನ್ನು.