ಸ್ವಕೃತಿಚೌರ್ಯ: ಒಂದು ಆಧಾರವು ಮೂರಾಗಿ ತೋರುವ ಬಗೆ

ತನ್ನ ಹೊಲದ ಬೆಳೆಯನ್ನು ತಾನೇ ಕೊಯ್ದವನನ್ನು ಕಳ್ಳನೆಂದು ಯಾರೂ ಕರೆಯರು. ಹಾಗಿರುವಲ್ಲಿ, ತಾನೇ ಬರೆದುದನ್ನು ತಾನೇ ಮತ್ತೊಮ್ಮೆ ಬಳಸಿದ ಲೇಖಕನ ಮೇಲೆ ಚೌರ್ಯದ ದೋಷವನ್ನು ಹೊರಿಸುವುದು ಹೇಗೆ ಎಂಬ ಆಕ್ಷೇಪವು ವಿದ್ವಾಂಸರಲ್ಲಿ ಆಗಾಗ ಕೇಳಿಬರುತ್ತದೆ. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ‘ಸ್ವಕೃತಿಚೌರ್ಯ’ ಎಂಬ ಹೆಸರೇ ಅಷ್ಟೇನೂ ಸಮರ್ಪಕವಾದುದಲ್ಲ. ಇಲ್ಲಿ ಯಾರ ಸೊತ್ತೂ ಕಳವಾಗುವುದಿಲ್ಲ. ಕೆಡುವುದು ಓದುಗನ ಎಣಿಕೆ. ಒಂದೇ ಆಧಾರವನ್ನು ಅವನು ಎರಡೆಂದೋ ಮೂರೆಂದೋ ಎಣಿಸುವಂತಾಗುತ್ತದೆ. ಆ ತಪ್ಪೆಣಿಕೆಯ ಮೇಲೆ ಅವನು ಕಟ್ಟುವ ತೀರ್ಮಾನವೂ ವಾಲುತ್ತದೆ. ಇದು ಎಷ್ಟರಮಟ್ಟಿಗೆ ನಡೆಯಬಲ್ಲುದೆಂಬುದನ್ನು ಅಂಕಿಗಳಲ್ಲಿ ತೋರಿಸಿಕೊಟ್ಟ ನಿದರ್ಶನವೊಂದು ವೈದ್ಯಶಾಸ್ತ್ರದಲ್ಲಿದೆ. ಸಾಹಿತ್ಯ ಚರಿತ್ರೆಗಳ ಅಭ್ಯಾಸಿಗಳಿಗೆ ಅದು ದೂರದ ವಿಷಯವೆಂದು ತೋರಿದರೂ ಮೊದಲು ಅದನ್ನೇ ನೋಡುವುದು ಲೇಸು.

ಶಸ್ತ್ರಚಿಕಿತ್ಸೆಗಾಗಿ ಅರಿವಳಿಕೆ ಪಡೆದ ರೋಗಿಗಳಲ್ಲಿ ಅನೇಕರಿಗೆ ಎಚ್ಚರವಾದ ಮೇಲೆ ವಾಂತಿಯಾಗುವುದುಂಟು. ಅದನ್ನು ತಡೆಯಲು ಕೊಡುವ ಔಷಧಗಳಲ್ಲಿ ಆಂಡಾನ್ಸೆಟ್ರಾನ್ ಎಂಬುದು ಒಂದು. ಈ ಔಷಧದ ಗುಣವನ್ನು ನಿಷ್ಕರ್ಷಿಸಬೇಕೆಂದು ಮಾರ್ಟಿನ್ ಟ್ರಾಮೆರ್ ಮತ್ತು ಅವನ ಸಹೋದ್ಯೋಗಿಗಳು ಆವರೆಗೆ ಪ್ರಕಟವಾಗಿದ್ದ ಪ್ರಯೋಗವರದಿಗಳನ್ನೆಲ್ಲ ಒಟ್ಟುಗೂಡಿಸಿದರು. ಬೇರೆ ಬೇರೆ ಆಸ್ಪತ್ರೆಗಳ ಫಲಿತಾಂಶಗಳನ್ನು ಕೂಡಿಸಿ ಒಂದೇ ಮೊತ್ತವಾಗಿ ಲೆಕ್ಕಹಾಕುವ ಈ ಪದ್ಧತಿಗೆ ಒಂದು ಷರತ್ತಿದೆ: ಒಬ್ಬ ರೋಗಿಯು ಲೆಕ್ಕದಲ್ಲಿ ಒಂದೇ ಸಲ ಬರಬೇಕು. ವರದಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದಾಗ ಅವರಿಗೆ ಕಂಡುಬಂದುದೇನೆಂದರೆ, ಪ್ರಕಟವಾದ ಪೂರ್ಣ ವರದಿಗಳಲ್ಲಿ ಶೇಕಡ 17ರಷ್ಟು ಪುನರಾವೃತ್ತಿಗಳಾಗಿದ್ದುವು. ರೋಗಿಗಳ ಅಂಕಿಅಂಶಗಳಲ್ಲಿ ಶೇಕಡ 28ರಷ್ಟು ಮರಳಿ ಬಂದವಾಗಿದ್ದುವು. ಎರಡನೆಯ ವರದಿಯು ಮೊದಲನೆಯದನ್ನು ಸ್ಪಷ್ಟವಾಗಿ ಹೆಸರಿಸಿರಲಿಲ್ಲ. 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಅವರು ಈ ಸಂಗತಿಯನ್ನು ಪ್ರಕಟಿಸಿದರು.

ಅವರ ಲೆಕ್ಕದ ಒಂದು ಭಾಗವನ್ನು ವಿವರವಾಗಿ ನೋಡಬೇಕು. ಔಷಧದ ಬಲವನ್ನು ಅಳೆಯಲು ಅವರು ಬಳಸಿದ ಮಾನವು ಸುಲಭವಾದುದು: ಒಬ್ಬ ರೋಗಿಗೆ ವಾಂತಿ ತಪ್ಪಬೇಕಾದರೆ ಎಷ್ಟು ಮಂದಿಗೆ ಔಷಧವನ್ನು ಕೊಡಬೇಕು? ಈ ಸಂಖ್ಯೆ ಚಿಕ್ಕದಾದಷ್ಟೂ ಔಷಧವು ಮೇಲೆಂದು ಅರ್ಥ. ನಾಲ್ಕು ಮಿಲಿಗ್ರಾಂ ಪ್ರಮಾಣದಲ್ಲಿ ರಕ್ತನಾಳದ ಮೂಲಕ ಔಷಧ ಕೊಟ್ಟ ಪ್ರಯೋಗಗಳಲ್ಲಿ 16 ವರದಿಗಳು ಒಮ್ಮೆ ಮಾತ್ರ ಪ್ರಕಟವಾಗಿದ್ದುವು. ಅವುಗಳಿಂದ ದೊರೆತ ಸಂಖ್ಯೆ 9.5. ಇನ್ನು ಮೂರು ವರದಿಗಳು ಮತ್ತೆ ಮತ್ತೆ ಪ್ರಕಟವಾಗಿ ಇನ್ನೂ ಆರು ವರದಿಗಳಾಗಿ ಹಬ್ಬಿದ್ದುವು. ಆ ಮೂರು ಮೂಲವರದಿಗಳ ಸಂಖ್ಯೆ 3.9. ಪ್ರತಿಯೊಂದು ಪ್ರಯೋಗವನ್ನೂ ಒಮ್ಮೆ ಮಾತ್ರ ಎಣಿಸಿ 19 ವರದಿಗಳನ್ನು ಕೂಡಿಸಿದರೆ ಬರುವುದು 6.4. ಪುನರಾವೃತ್ತಿಗಳನ್ನು ಅರಿಯದೆ 25 ವರದಿಗಳನ್ನೂ ಕೂಡಿಸಿದರೆ ಬರುವುದು 4.9. ಔಷಧವು ಇರುವುದಕ್ಕಿಂತ ಶೇಕಡ 23ರಷ್ಟು ಹೆಚ್ಚು ಗುಣವುಳ್ಳದ್ದೆಂದು ತೋರಿತು.

ಇಲ್ಲಿ ಲಕ್ಷಿಸತಕ್ಕ ಅಂಶ ಎರಡು ಸಂಖ್ಯೆಗಳ ಅಂತರ: 9.5 ಮತ್ತು 3.9. ಮರುಪ್ರಕಟಣೆಯು ಚೀಟಿ ಎತ್ತಿದಂತೆ ನಡೆದಿದ್ದರೆ, ಒಳ್ಳೆಯ ಫಲಿತಾಂಶಗಳೂ ಸಾಧಾರಣ ಫಲಿತಾಂಶಗಳೂ ಸಮನಾಗಿ ಇಮ್ಮಡಿಸಿ, ಸರಾಸರಿಯು ಬಹುಮಟ್ಟಿಗೆ ಅಲ್ಲಿಯೇ ನಿಲ್ಲುತ್ತಿತ್ತು. ಆದರೆ ಮತ್ತೆ ಮತ್ತೆ ಅಚ್ಚಾದುವು ಔಷಧಕ್ಕೆ ಅನುಕೂಲವಾದ ಫಲಿತಾಂಶಗಳು. ಮನುಷ್ಯನು ತನ್ನ ಚೆಂದದ ಮಾತನ್ನೇ ತಿರುತಿರುಗಿ ಹೇಳುತ್ತಾನಷ್ಟೆ. ಪ್ರತಿಯೊಂದು ವರದಿಯನ್ನೂ ಬಿಡಿಯಾಗಿ ತೆಗೆದುಕೊಂಡರೆ ಅದರ ಅಂಕಿಗಳಲ್ಲಿ ಸುಳ್ಳಿರಬೇಕಾಗಿಲ್ಲ ಎಂಬುದೂ ಗಮನಾರ್ಹ. ಅವುಗಳಲ್ಲಿ ಇಲ್ಲದೆ ಹೋದದ್ದು ಒಂದು ವಾಕ್ಯ: ‘ಈ ರೋಗಿಗಳ ವಿಚಾರ ಇಂಥ ಕಡೆ ಈಗಾಗಲೇ ಪ್ರಕಟವಾಗಿದೆ.’

ಮಾನವಿಕ ಶಾಸ್ತ್ರಗಳಲ್ಲಿ ಲೆಕ್ಕವು ಹೀಗೆ ದಶಾಂಶಗಳಲ್ಲಿ ಹೊರಬೀಳದಿದ್ದರೂ ತೊಡಕು ಅದೇ. ಕಲ್ಪಿತವಾದ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು, ಹಗಲು ಹೋಟೆಲುಗಳಲ್ಲಿ ದುಡಿದ 42 ಮಂದಿ ವೃದ್ಧರನ್ನು ಒಬ್ಬ ಸಂಶೋಧಕನು ಸಂದರ್ಶಿಸಿ 2015ರಲ್ಲಿ ಮಹಾಪ್ರಬಂಧವನ್ನು ಸಲ್ಲಿಸುತ್ತಾನೆ. 2016ರಲ್ಲಿ ಅದರ ಮೂರನೆಯ ಅಧ್ಯಾಯವನ್ನು ಕನ್ನಡ ತ್ರೈಮಾಸಿಕವೊಂದಕ್ಕೆ ಲೇಖನವಾಗಿ ಕೊಡುತ್ತಾನೆ. 2018ರಲ್ಲಿ ಅದೇ ವಿಷಯವನ್ನು ಇಂಗ್ಲಿಷಿನಲ್ಲಿ ಬರೆದು ಒಂದು ವಿಚಾರಸಂಕಿರಣದ ಸಂಪುಟಕ್ಕೆ ಸೇರಿಸುತ್ತಾನೆ. 2021ರಲ್ಲಿ ಗುರುಗಳ ಅಭಿನಂದನ ಗ್ರಂಥಕ್ಕೆ ಲೇಖನ ಬೇಕೆಂದಾಗ ತಲೆಬರಹವನ್ನೂ ಮೊದಲೆರಡು ಪುಟಗಳನ್ನೂ ಬದಲಿಸಿ ಮತ್ತೆ ಅದನ್ನೇ ಕೊಡುತ್ತಾನೆ. ಯಾವುದರಲ್ಲಿಯೂ ಉಳಿದವುಗಳ ಸುಳಿವಿಲ್ಲ. ಹತ್ತು ವರ್ಷಗಳ ತರುವಾಯ ವಲಸೆಯ ಚರಿತ್ರೆಯನ್ನು ಬರೆಯುವವನು, ಈ ಜನರಲ್ಲಿ ಮೂರರಲ್ಲಿ ಎರಡು ಪಾಲು ಹದಿನಾಲ್ಕು ತುಂಬುವ ಮೊದಲೇ ಊರು ಬಿಟ್ಟವರೆಂಬುದಕ್ಕೆ ಮೂರು ಅಧ್ಯಯನಗಳ ಒಮ್ಮತವಿದೆಯೆಂದು ಬರೆಯುತ್ತಾನೆ. ಒಮ್ಮತವೆಲ್ಲಿಯದು? ಅದೇ 28 ಮಂದಿ ಮೂರು ಸಲ ಸಾಕ್ಷಿ ನುಡಿದಿದ್ದಾರೆ, ಅಷ್ಟೆ.

ಇಂಥದನ್ನು ಪತ್ತೆಹಚ್ಚುವುದಕ್ಕೆ ಈಗ ವಿಶ್ವವಿದ್ಯಾನಿಲಯಗಳಲ್ಲಿ ಯಂತ್ರಗಣಕದ ಹೋಲಿಕೆಯಿದೆಯಲ್ಲ ಎನ್ನಬಹುದು. ಆ ಹೋಲಿಕೆಯು ಮುಖ್ಯವಾಗಿ ಪದಗಳ ಸಾಲನ್ನು ನೋಡುತ್ತದೆ. ಮೇಲಿನ ಉದಾಹರಣೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೋದ ಲೇಖನವು ಅದರ ಕಣ್ಣಿಗೆ ಬೀಳದಿರುವುದೇ ಹೆಚ್ಚು ಸಂಭವ. ಅತ್ತ, ಮೂಲವನ್ನು ನ್ಯಾಯವಾಗಿ ಹೆಸರಿಸಿ ಎತ್ತಿಕೊಂಡ ಭಾಗವು ಶೇಕಡ ಇಷ್ಟೆಂದು ಎದ್ದು ಕಾಣಲೂಬಹುದು. ಆದುದರಿಂದ ಕಣ್ಣಿನ ಪರೀಕ್ಷೆಯೇ ಗತಿ. ಸಂದರ್ಶಿತರ ಸಂಖ್ಯೆ, ಅವರ ವಯಸ್ಸು, ಕ್ಷೇತ್ರಕಾರ್ಯ ನಡೆದ ತಿಂಗಳು, ಕೋಷ್ಟಕದ ಮೊತ್ತಗಳು ಇವು ಎರಡು ಲೇಖನಗಳಲ್ಲಿ ಒಂದೇ ಆಗಿದ್ದರೆ ಮಾತುಗಳು ಎಷ್ಟೇ ಬೇರೆಯಾಗಿದ್ದರೂ ಆಧಾರವು ಒಂದೇ ಎಂದು ಶಂಕಿಸಲು ಕಾರಣವುಂಟು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2020ರ ಏಪ್ರಿಲಿನಲ್ಲಿ ಹೊರಡಿಸಿದ ಪ್ರಕಟನೆಯೂ ಪದಗಳಲ್ಲಿಯೇ ನಿಲ್ಲಲಿಲ್ಲ. ಪ್ರಕಟವಾದ ಲೇಖನವನ್ನು ಮತ್ತೆ ಪ್ರಕಟಿಸುವುದರ ಜೊತೆಗೆ, ಅದೇ ಅಂಕಿಅಂಶಗಳನ್ನು ಹೇಳದೆ ಬಳಸುವುದನ್ನೂ, ದೊಡ್ಡ ಅಧ್ಯಯನವೊಂದನ್ನು ತುಂಡರಿಸಿ ಒಂದೊಂದನ್ನೂ ಹೊಸದೆಂದು ಪ್ರಕಟಿಸುವುದನ್ನೂ, ತನ್ನ ಹಳೆಯ ಬರಹವನ್ನು ಬೇರೆ ಮಾತುಗಳಲ್ಲಿ ಹೇಳಿ ಮೂಲವನ್ನು ಮರೆಸುವುದನ್ನೂ ಅದು ಈ ದೋಷದೊಳಗೆ ಸೇರಿಸಿದೆ. ಎಲ್ಲಕ್ಕೂ ಸಮಾನವಾದ ಲಕ್ಷಣವು ಪೂರ್ವಪ್ರಕಟಣೆಯನ್ನು ಹೇಳದಿರುವುದು, ಬಳಸುವುದೇ ತಪ್ಪೆಂದಲ್ಲ.

ಹೇಳಬೇಕಾದುದು ಎರಡು ಸ್ಥಳಗಳಲ್ಲಿ. ಮೊದಲನೆಯದು ಲೇಖನದ ಮೊದಲ ಪುಟದ ಅಡಿಟಿಪ್ಪಣಿ. ನಮ್ಮ ಪ್ರಬಂಧಸಂಕಲನಗಳ ‘ಅರಿಕೆ’ಯಲ್ಲಿ ಯಾವ ಬರಹ ಮೊದಲು ಯಾವ ಪತ್ರಿಕೆಯಲ್ಲಿ ಬಂದಿತೆಂದು ಕಾಣಿಸುವ ವಾಡಿಕೆ ಹಳೆಯದು, ಬಿಡಿಲೇಖನಕ್ಕೂ ಅದೇ ಮರ್ಯಾದೆ ಸಲ್ಲಬೇಕು. ಮೇಲ್ಕಂಡ ಸಂಶೋಧಕನು 2021ರ ಲೇಖನದಲ್ಲಿ ಹೀಗೆ ಬರೆಯಬಹುದಾಗಿತ್ತು: ‘ಈ ಲೇಖನವು ಲೇಖಕನು 2015ರಲ್ಲಿ ಸಲ್ಲಿಸಿದ ಮಹಾಪ್ರಬಂಧದ ಮೂರನೆಯ ಅಧ್ಯಾಯವನ್ನು ಆಧರಿಸಿದೆ. ಇದರ ಒಂದು ರೂಪವು 2016ರಲ್ಲಿ ಕನ್ನಡದಲ್ಲಿಯೂ 2018ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟವಾಗಿದೆ. ಎರಡು ಮತ್ತು ಮೂರನೆಯ ಭಾಗಗಳು 2016ರ ಲೇಖನದಿಂದ ಯಥಾವತ್ತಾಗಿ ಬಂದಿವೆ. ಒಂದನೆಯ ಭಾಗ ಮಾತ್ರ ಹೊಸದು.’ ಇದರೊಡನೆ ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ, ಪುಟಗಳು ಬರಬೇಕು. ‘ಈ ಹಿಂದೆ ಬೇರೆಡೆ ಚರ್ಚಿಸಿದಂತೆ’ ಎಂಬ ಅಸ್ಪಷ್ಟ ಮಾತಿನಿಂದ ಉಪಯೋಗವಿಲ್ಲ. ಗ್ರಂಥಋಣದ ಪಟ್ಟಿಯಲ್ಲಿ ಹಳೆಯ ಲೇಖನದ ಹೆಸರನ್ನು ಸುಮ್ಮನೆ ಸೇರಿಸಿಬಿಟ್ಟರೂ ಸಾಲದು. ಎಷ್ಟು ಹಳೆಯದು, ಎಷ್ಟು ಹೊಸದು ಎಂಬುದು ಓದುಗನಿಗೆ ತಿಳಿಯಬೇಕು.

ಎರಡನೆಯದು ಆಧಾರವನ್ನು ವರ್ಣಿಸುವ ಸ್ಥಳ. ಪೀಠಿಕೆಯ ಟಿಪ್ಪಣಿಯನ್ನು ಹಾರಿಸಿ ನೇರವಾಗಿ ಕೋಷ್ಟಕಕ್ಕೆ ಬರುವ ಓದುಗರೇ ಹೆಚ್ಚು. ಮುಂದೆ ಮೊತ್ತಹಾಕುವವರು ಅವರೇ. ಆದಕಾರಣ ಕೋಷ್ಟಕದ ಕೆಳಗೆ ‘ಇವೇ 42 ಸಂದರ್ಶನಗಳನ್ನು 2016 ಮತ್ತು 2018ರ ಲೇಖನಗಳಲ್ಲಿಯೂ ಬಳಸಲಾಗಿದೆ’ ಎಂದು ಕಾಣಿಸಬೇಕು. ಹೊಸದಾಗಿ ಹತ್ತು ಮಂದಿಯನ್ನು ಸೇರಿಸಿದ್ದರೆ ಹಳಬರು 42, ಹೊಸಬರು 10 ಎಂದು ಬೇರ್ಪಡಿಸಬೇಕಲ್ಲದೆ ಬರಿಯ 52 ಎನ್ನಬಾರದು. ಕ್ಷೇತ್ರಕಾರ್ಯದ ವಿಧಾನವನ್ನು ವಿವರಿಸುವ ನಾಲ್ಕಾರು ವಾಕ್ಯಗಳು ಹಿಂದಿನಂತೆಯೇ ಇದ್ದರೆ ಅಷ್ಟೊಂದು ಬಾಧಕವಿಲ್ಲ. ಒಂದೇ ವಿಧಾನವನ್ನು ಬಲವಂತವಾಗಿ ಬೇರೆ ಪದಗಳಲ್ಲಿ ಹೇಳಹೋಗಿ, ವಿಧಾನವೇ ಬೇರೆಯೆಂದು ಓದುಗನಿಗೆ ತೋರಿಸುವುದು ಇನ್ನೂ ಕೆಟ್ಟದ್ದು. ಅಲ್ಲಿ ಮೂಲವನ್ನು ಹೆಸರಿಸಿ ಹಾಗೆಯೇ ಉಳಿಸಿಕೊಳ್ಳುವುದು ಯುಕ್ತ.

ಹೊರನಾಡಿನ ಕನ್ನಡಿಗನಿಗೆ ಭಾಷಾಂತರದ ಪ್ರಶ್ನೆ ವಿಶೇಷವಾಗಿ ಒದಗುತ್ತದೆ. ಒಂದೇ ಸಂಶೋಧನೆಯನ್ನು ಕನ್ನಡದ ಓದುಗರಿಗೂ ಮರಾಠಿಯ ಅಥವಾ ಇಂಗ್ಲಿಷಿನ ಓದುಗರಿಗೂ ಮುಟ್ಟಿಸುವುದು ದೋಷವಲ್ಲ. ಅನೇಕ ವೇಳೆ ಅದು ಕರ್ತವ್ಯವೂ ಹೌದು. ವೈದ್ಯಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯು ಇಂಥ ದ್ವಿತೀಯ ಪ್ರಕಟಣೆಯನ್ನು ಒಪ್ಪುತ್ತದೆ. ಆದರೆ ಎರಡೂ ಪತ್ರಿಕೆಗಳ ಸಂಪಾದಕರ ಸಮ್ಮತಿಯಿರಬೇಕು, ಎರಡನೆಯ ರೂಪವು ಮೊದಲನೆಯದರ ಅಂಕಿಗಳಿಗೂ ಅರ್ಥಕ್ಕೂ ನಿಷ್ಠವಾಗಿರಬೇಕು, ಇದು ದ್ವಿತೀಯ ಪ್ರಕಟಣೆಯೆಂಬುದು ತಲೆಬರಹದಲ್ಲಿಯೂ ಟಿಪ್ಪಣಿಯಲ್ಲಿಯೂ ತಿಳಿಯಬೇಕು ಎಂದು ವಿಧಿಸುತ್ತದೆ. ಸಂಪಾದಕನಿಗೆ ಹೇಳಬೇಕಾದುದು ಲೇಖನವನ್ನು ಕಳುಹಿಸುವಾಗಲೇ, ಅಚ್ಚಾದ ಮೇಲಲ್ಲ. ಹಳೆಯ ಲೇಖನದ ಪ್ರತಿಯೊಂದನ್ನು ಲಗತ್ತಿಸಿದರೆ ಅವನೇ ತೂಗಿನೋಡಬಲ್ಲನು. ವಿದ್ಯಾರ್ಥಿಯೊಬ್ಬನು ಒಂದೇ ಪ್ರಬಂಧವನ್ನು ಎರಡು ತರಗತಿಗಳಿಗೆ ಒಪ್ಪಿಸುವಾಗಲೂ ನ್ಯಾಯ ಇದೇ: ಇಬ್ಬರು ಅಧ್ಯಾಪಕರ ಅನುಮತಿ ಮೊದಲು, ಒಪ್ಪಿಸುವುದು ಆಮೇಲೆ.

ಪ್ರಕಾಶನದ ಹಕ್ಕು ಬೇರೊಂದು ವಿಷಯ. ಲೇಖಕನು ತನ್ನ ಹಕ್ಕನ್ನು 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಲಿಖಿತವಾಗಿ ಪ್ರಕಾಶಕನಿಗೆ ವಹಿಸಿಕೊಟ್ಟಿದ್ದರೆ, ತನ್ನದೇ ಲೇಖನವನ್ನು ಮತ್ತೆ ಅಚ್ಚುಹಾಕಿಸಲು ಅವನ ಒಪ್ಪಿಗೆ ಬೇಕಾಗಬಹುದು. ಮೂಲವನ್ನು ಹೆಸರಿಸಿದ ಮಾತ್ರಕ್ಕೆ ಆ ಒಪ್ಪಿಗೆ ಬಂದಂತಾಗದು. ಒಪ್ಪಿಗೆ ದೊರೆತ ಮಾತ್ರಕ್ಕೆ ಮೂಲವನ್ನು ಹೆಸರಿಸುವ ಹೊಣೆ ತೀರುವುದೂ ಇಲ್ಲ.

ಅಚ್ಚಾಗಿಹೋದ ಲೇಖನದಲ್ಲಿ ಈ ಲೋಪವು ತರುವಾಯ ಕಂಡುಬಂದರೆ, ಲೇಖಕನೇ ಸಂಪಾದಕನಿಗೆ ಬರೆದು ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿಯನ್ನು ಹಾಕಿಸಬಹುದು. ಅದರಲ್ಲಿ ಸಮರ್ಥನೆಯ ಮಾತುಗಳು ಬೇಕಿಲ್ಲ. ಯಾವ ಸಂಚಿಕೆಯ ಯಾವ ಪುಟಗಳು, ಅವು ಮೊದಲು ಎಲ್ಲಿ ಬಂದಿದ್ದುವು, ಎರಡರಲ್ಲಿಯೂ ಇರುವ ಸಂದರ್ಶನಗಳು ಎಷ್ಟು ಎಂಬ ಮೂರು ವಿವರಗಳಿದ್ದರೆ, ಮುಂದೆ ಎಣಿಸುವವನು ಆ 28 ಮಂದಿಯನ್ನು 28 ಎಂದೇ ಎಣಿಸಬಲ್ಲನು.